ಮೊಹರು ಒತ್ತಿದ ಬೈಗುಳ

ನನ್ನ ಅಂಗಡಿಯ ಬೋರ್ಡಿನ ಮೇಲೆ ಎರಡು ಸಾಲು ಬರೆಸಿದ್ದೇನೆ. ಮೊದಲನೇದು 'ಪ್ರಮಾಣೀಕೃತ ಅನುವಾದಕರು'. ಎರಡನೇದು 'ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ'. ಮೊದಲನೇ ಸಾಲು ಸರ್ಕಾರ ಕೊಟ್ಟದ್ದು, ಎರಡನೇದು ನನ್ನ ಜಂಬ ಕೊಟ್ಟದ್ದು. ನಮ್ಮ ಮನೆಗೆ ಬರಬೇಕಾಗಿದ್ದ ಒಂದು ಮಗು ಬಾಗಿಲ ತನಕ ಬಂದು ಹಿಂದಕ್ಕೆ ಹೋಗುವ ಹಾಗಾಗಿದ್ದು ಈ ಎರಡನೇ ಸಾಲಿನಿಂದ.

ಬೋರ್ಡು ಬರೆದವನು ಅವತ್ತೇ ಹೇಳಿದ್ದ: "ಸಾರ್, ಅಕ್ಷರ ಹೆಚ್ಚಿಲ್ಲ ಅಂತ ಹೇಳೋದಕ್ಕೇ ಒಂದು ಸಾಲು ಹೆಚ್ಚಾಯ್ತಲ್ಲ?" ನಾನು ಅವನ ಮಾತನ್ನ ಕಿವಿಗೆ ಹಾಕಿಕೊಳ್ಳಲಿಲ್ಲ. ದೊಡ್ಡ ಮನುಷ್ಯರು ಬೋರ್ಡು ಬರೆಯುವವರ ಮಾತು ಕೇಳುತ್ತಾರೆಯೇ?

ಈ ಊರಿನ ಭಾಷೆ ಬೇರೆ, ನಮ್ಮ ಮನೆಯ ಭಾಷೆ ಕನ್ನಡ. ಊರಲ್ಲಿ ಕನ್ನಡದ ಕಾಗದ ಪತ್ರವನ್ನ ಊರಭಾಷೆಗೆ ತಿರುಗಿಸಿ ಮೊಹರು ಒತ್ತುವ ಅಧಿಕಾರ ಇರುವವನು ನಾನೊಬ್ಬನೇ. ಬಾಡಿಗೆ ಕರಾರು, ಜನನಪತ್ರ, ಮರಣಪತ್ರ, ಎಲ್ಲಾ ನನ್ನ ಮೇಜಿನ ಮೇಲೆ ಹಾದೇ ಹೋಗಬೇಕು. ಮನೆಯಲ್ಲಿ ಮಾತ್ರ ನನಗೆ ಇಷ್ಟು ಮರ್ಯಾದೆ ಇಲ್ಲ. ಮನೆ ಅಂದರೆ ಮೂರನೇ ಮಹಡಿಯ ನಾಲ್ಕು ಕೋಣೆ: ಅಮ್ಮ, ನನ್ನ ತಂಗಿ, ತಂಗಿಯ ಗಂಡ, ಮತ್ತು ಮದುವೆ ಮಾಡಿಕೊಳ್ಳುವುದನ್ನ ಮುಂದಕ್ಕೆ ಹಾಕುತ್ತಾ ಹಾಕುತ್ತಾ ನಲವತ್ತಾರು ದಾಟಿದ ನಾನು.

ತಂಗಿ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸ ಮಾಡುತ್ತಾಳೆ. ಅವಳ ಗಂಡ ಲಿಫ್ಟ್ ರಿಪೇರಿ ಮಾಡುತ್ತಾನೆ. ಮದುವೆಯಾಗಿ ಹನ್ನೊಂದು ವರ್ಷ, ಮಕ್ಕಳಾಗಲಿಲ್ಲ. ಅನಾಥಾಲಯದಿಂದ ಒಂದು ಮಗು ತಂದುಕೊಳ್ಳೋಣ ಅಂತ ಅರ್ಜಿ ಹಾಕಿದರು. ನಾಲ್ಕು ವರ್ಷದ ಒಂದು ಹುಡುಗಿಯನ್ನ ತೋರಿಸಿದರು. ತಂಗಿ ಅವತ್ತು ಮನೆಗೆ ಬಂದವಳೇ ಗೋಡೆಗೆ ಒರಗಿ ನಿಂತು, "ಅಣ್ಣ, ಅವಳು ನನ್ನ ಬೆರಳು ಹಿಡ್ಕೊಂಡು ಬಿಡಲೇ ಇಲ್ಲ ಕಣೋ" ಅಂದಳು.

ಇನ್ನು ಅಮ್ಮ. ಅಮ್ಮನ ಬಾಯಿ ಅಂದರೆ ಬಾಯಿ. ಬೆಳಿಗ್ಗೆ "ಏಳೋ ಕತ್ತೆ" ಅಂತ ಶುರುವಾದರೆ ರಾತ್ರಿ "ಬಿದ್ಕೊಳೋ ಪೀಡೆ" ಅನ್ನುವ ತನಕ ನಿಲ್ಲುವುದಿಲ್ಲ. ಆ ಬಾಯಿಯ ಲೆಕ್ಕದಲ್ಲಿ ನನ್ನ ಕಾಲು ಈವರೆಗೆ ಕಡಿಮೆ ಅಂದರೂ ನಾಲ್ಕು ಸಾವಿರ ಸಲ ಮುರಿದಿದೆ. ಎರಡೂ ನೆಟ್ಟಗಿವೆ. ಹಾಗಂತ ಅಮ್ಮ ಎಲ್ಲರನ್ನೂ ಬೈಯುವವಳಲ್ಲ. ಹಾಲಿನವನಿಗೆ 'ನೀವು', ಬಾಡಿಗೆ ಕೇಳಲು ಬಂದ ಮನೆ ಮಾಲೀಕನಿಗೆ 'ಬನ್ನಿ, ಕೂತ್ಕೊಳ್ಳಿ'. ಅವಳ ಬೈಗುಳ ಸಿಗಬೇಕಾದರೆ ಯೋಗ್ಯತೆ ಬೇಕು. ತಂಗಿಯ ಗಂಡನಿಗೆ ಮದುವೆಯಾಗಿ ಎರಡು ವರ್ಷ ಅದು ದಕ್ಕಿರಲಿಲ್ಲ. ಅವನು ಛತ್ರಿ ಮರೆತು ನೆನೆದು ಬಂದರೆ ಅಮ್ಮ ಬಾಗಿಲ ಬಳಿ ಮಲಗಿದ್ದ ಬೆಕ್ಕನ್ನ ಬೈಯುತ್ತಿದ್ದಳು: "ಬುದ್ಧಿ ಇಲ್ವಾ ನಿಂಗೆ? ಮಳೇಲಿ ಅಲೆದು ಜ್ವರ ಬರಿಸ್ಕೊಂಡ್ರೆ ಯಾರು ನೋಡ್ಕೋತಾರೆ?" ಬೆಕ್ಕು ಬೆಳಿಗ್ಗೆಯಿಂದ ಎದ್ದೇ ಇರಲಿಲ್ಲ. ಮೂರನೇ ವರ್ಷ ಒಂದು ದಿನ ಅವನು ಓಡುತ್ತಾ ನನ್ನ ಅಂಗಡಿಗೆ ಬಂದ. "ಭಾವಾ! ಭಾವಾ! ಅತ್ತೆ ಇವತ್ತು ನನ್ನನ್ನೇ ಬೈದ್ರು! ನೇರವಾಗಿ! 'ಏನೋ, ಕೋಣನ ಹಾಗೆ ನಿಂತಿದ್ದೀಯ' ಅಂದ್ರು!" ಅವನ ಕಣ್ಣಲ್ಲಿ ನೀರಿತ್ತು. ಆ ದಿನ ಇಬ್ಬರೂ ಕಾಫಿ ಕುಡಿದೆವು.

ಇಷ್ಟೆಲ್ಲ ಗೊತ್ತಿದ್ದವನು ನಾನು. ಆದರೂ ನೋಡಿ, ಎಂಥ ಕೆಲಸ ಮಾಡಿದೆ.

ಮಕ್ಕಳ ಇಲಾಖೆಯ ಅಧಿಕಾರಿಣಿ ಒಬ್ಬರು ಮನೆ ನೋಡಲು ಬಂದರು. ಅವರ ಹತ್ತಿರ ಎರಡು ಕನ್ನಡಕ ಇದ್ದವು, ಒಂದು ಓದುವುದಕ್ಕೆ, ಇನ್ನೊಂದು ಅನುಮಾನದಿಂದ ನೋಡುವುದಕ್ಕೆ. ಕೋಣೆ ಅಳೆದರು, ಕಿಟಕಿಯ ಸರಳು ಅಲ್ಲಾಡಿಸಿದರು, ಔಷಧಿ ಎಲ್ಲಿಡುತ್ತೀರಿ ಅಂತ ಕೇಳಿದರು. ಎಲ್ಲಾ ಸರಿಯಿತ್ತು. ಕೊನೆಗೆ ಬೆಂಕಿಪೊಟ್ಟಣದಷ್ಟು ಚಿಕ್ಕ ರೆಕಾರ್ಡರೊಂದನ್ನ ಊಟದ ಮೇಜಿನ ಮೇಲಿಟ್ಟು, "ನಿಮ್ಮ ಮನೆಮಾತು ನನಗೆ ಬರಲ್ಲ. ಒಂದು ದಿನ ರಾತ್ರಿ ಊಟದ ಹೊತ್ತಿಗೆ ಇದನ್ನ ಹಾಕಿಡಿ. ಆಮೇಲೆ ಪ್ರಮಾಣೀಕೃತ ಅನುವಾದ ಮಾಡಿಸಿ ಕೊಡಿ" ಅಂದರು.

"ಪ್ರಮಾಣೀಕೃತ ಅನುವಾದಕ ನಾನೇ ಮೇಡಂ" ಅಂದೆ.

"ನೀವು ಅರ್ಜಿದಾರಳ ಅಣ್ಣ ಅಲ್ವಾ?"

ನಾನು ಎದ್ದು ನಿಂತೆ. ಎದೆ ಮೇಲೆ ಕೈ ಇಟ್ಟೆ. "ನನ್ನ ಮೊಹರಿಗೆ ಅಣ್ಣ ತಂಗಿ ಇಲ್ಲ, ಮೇಡಂ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ."

ಅಧಿಕಾರಿಣಿ ಎರಡನೇ ಕನ್ನಡಕ ತೆಗೆದು ನನ್ನನ್ನ ಮೆಚ್ಚುಗೆಯಿಂದ ನೋಡಿದರು. ಆ ನೋಟಕ್ಕೆ ನಾನು ಉಬ್ಬಿಹೋದೆ. ಅಮ್ಮ ಅಡುಗೆಮನೆಯಿಂದ, "ಯಾಕೋ ಎದೆ ಹಿಡ್ಕೊಂಡೆ? ಗ್ಯಾಸ್ ಆಯ್ತಾ?" ಅಂದಳು. ಅದನ್ನ ನಾನು ಅನುವಾದಿಸಲಿಲ್ಲ.

ರೆಕಾರ್ಡರ್ ಹಾಕಿದ ದಿನ ತಂಗಿ ಮಧ್ಯಾಹ್ನದ ಊಟದ ಡಬ್ಬಿಯನ್ನ ಮುಟ್ಟದೆ ಹಾಗೇ ವಾಪಸ್ಸು ತಂದಿದ್ದಳು. ಅಮ್ಮ ಡಬ್ಬಿ ತೆಗೆದು ನೋಡಿದಳು. ಆಮೇಲೆ ಏನು ಕೇಳುತ್ತೀರಿ.

"ಮಧ್ಯಾಹ್ನ ಊಟ ಮಾಡಿಲ್ವಾ? ಹಾಳಾದೋಳೇ! ಹೀಗೇ ಒಣಗಿ ಒಣಗಿ ಸಾಯಿ! ಕೈಕಾಲು ಮುರಿದು ಕೂರಿಸಿ ಬಾಯಿಗೆ ತುರುಕ್ತೀನಿ ನೋಡು, ಮುಂಡೇದೇ! ಏ ಮಂಕುದಿಣ್ಣೆ, ನಿನ್ನ ತಲೇಲಿ ಏನು ಮಣ್ಣಿದ್ಯಾ? ತಂಗಿ ಕೈ ಚಾಚ್ತಿದಾಳೆ, ಬಟ್ಟಲು ಆ ಕಡೆ ತಳ್ಳೋ! ನಾನು ಸತ್ತ ಮೇಲೆ ನೀವೆಲ್ಲ ಏನ್ ತಿಂತೀರೋ ನೋಡ್ತೀನಿ!"

ಮಾರನೇ ದಿನ ಅಂಗಡಿಯಲ್ಲಿ ಬಾಗಿಲು ಹಾಕಿಕೊಂಡು ಕೂತೆ. ಪದಕ್ಕೆ ಪದ ಇಟ್ಟೆ. ಊರಭಾಷೆಯಲ್ಲಿ ಅದು ಹೇಗೆ ಕೇಳಿಸುತ್ತದೆ ಅಂತ ನಿಮಗೆ ಗೊತ್ತಾಗಬೇಕಾದರೆ ಹೀಗೆ ಓದಿಕೊಳ್ಳಿ: 'ಎಲೈ ನಾಶವಾದವಳೇ! ಹೀಗೆಯೇ ಶುಷ್ಕಳಾಗಿ ಮರಣಿಸು! ನಿನ್ನ ಹಸ್ತಪಾದಗಳನ್ನು ಭಂಗಿಸಿ ಕುಳ್ಳಿರಿಸಿ ಆಹಾರವನ್ನು ಬಲವಂತವಾಗಿ ತುಂಬುವೆನು!' 'ಮುಂಡೇದೇ' ಬಂದಾಗ ಅರ್ಧ ಗಂಟೆ ಯೋಚಿಸಿದೆ. ನಿಘಂಟು ತೆಗೆದೆ. ಮೂಲ ನೋಡಿದೆ. 'ಎಲೈ ವಿಧವೆಯೇ' ಅಂತ ಬರೆದೆ. ನನ್ನ ಪಾಲಿನದನ್ನೂ ಬಿಡಲಿಲ್ಲ. 'ಮೂರನೇ ವ್ಯಕ್ತಿಯ, ಅಂದರೆ ಸ್ವತಃ ಅನುವಾದಕನ, ಶಿರದಲ್ಲಿ ಮೃತ್ತಿಕೆ ಇದೆಯೇ ಎಂಬ ಪ್ರಶ್ನೆ. ಉತ್ತರ ಕೇಳಿಬಂದಿಲ್ಲ.'

ರೆಕಾರ್ಡಿನಲ್ಲಿ ಇನ್ನೊಂದು ಸದ್ದೂ ಇತ್ತು. ಅಮ್ಮ ಒಂದೊಂದು ಬೈಗುಳ ಮುಗಿಸಿದಾಗಲೂ ಸೌಟು ಪಾತ್ರೆಗೆ ತಾಗಿ ತಂಗಿಯ ತಟ್ಟೆಗೆ ಏನೋ ಬೀಳುತ್ತಿತ್ತು. ಆ ಸದ್ದು ಆರು ಸಲ ಇದೆ. ಆದರೆ ನಿಯಮದ ಪ್ರಕಾರ ಮಾತಲ್ಲದ್ದನ್ನ ಅನುವಾದಿಸುವ ಹಾಗಿಲ್ಲ. 'ಇತರ ಸದ್ದುಗಳು: ಅಪ್ರಸ್ತುತ' ಅಂತ ಬರೆದು, ಮೊಹರು ಒತ್ತಿ, ಹೆಮ್ಮೆಯಿಂದ ಕಳಿಸಿದೆ.

ಹತ್ತು ದಿನಕ್ಕೆ ಇಲಾಖೆಯ ಪತ್ರ ಬಂತು. ತಂಗಿ ಓದಿದಳು. ಓದುತ್ತಾ ಓದುತ್ತಾ ಕುರ್ಚಿ ಹುಡುಕಿ ಕೂತಳು. ಹಿರಿಯ ಮಹಿಳೆ ಒಂದೇ ಊಟದಲ್ಲಿ ಕೈಕಾಲು ಮುರಿಯುವ ಬೆದರಿಕೆ ಹಾಕಿದ್ದಾರೆ, ಸ್ವಂತ ಮಗಳಿಗೆ ಸಾವು ಬಯಸಿದ್ದಾರೆ, ಆದ್ದರಿಂದ ಮಗುವನ್ನ ಕೊಡುವ ವಿಚಾರ ಸದ್ಯಕ್ಕೆ ತಡೆಹಿಡಿಯಲಾಗಿದೆ. ಜೊತೆಗೆ, ಅರ್ಜಿದಾರಳು ವಿಧವೆಯೆಂದು ಪ್ರಮಾಣೀಕೃತ ದಾಖಲೆಯಿಂದ ತಿಳಿದುಬಂದಿದ್ದು, ಅರ್ಜಿಯಲ್ಲಿ ಪತಿಯ ಸಹಿ ಇರುವುದು ಹೇಗೆ? ಪತಿ ಬದುಕಿರುವ ಬಗ್ಗೆ ಪ್ರಮಾಣಪತ್ರ ಸಲ್ಲಿಸಬೇಕು.

ತಂಗಿಯ ಗಂಡ ಕೈಯಲ್ಲಿ ಸ್ಪ್ಯಾನರ್ ಹಿಡಿದು ನಿಂತಿದ್ದ. "ಭಾವಾ, ನಾನು ಯಾವಾಗ ಹೋದೆ?" ಅಂದ.

"ನಿಘಂಟಿನ ಪ್ರಕಾರ..." ಅಂತ ನಾನು ಶುರುಮಾಡಿದೆ.

"ಅಣ್ಣ!" ತಂಗಿ ಕೂಗಿದಳು. "ಅಮ್ಮ ಬೈದದ್ದನ್ನ ನೀನು ಹಾಗೇ ಬರೆದ್ಯಾ? ನಲವತ್ತು ವರ್ಷ ಅವಳ ಕೈಯಲ್ಲಿ ಉಂಡು ನಿನಗೆ ಅರ್ಥ ಆಗಿದ್ದು ಇಷ್ಟೇನಾ?"

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಏನೆಂದು ಕೇಳಿದಳು. ಪತ್ರದಲ್ಲಿದ್ದದ್ದನ್ನ ನಾನೇ ಕನ್ನಡಕ್ಕೆ ತಿರುಗಿಸಿ ಹೇಳಬೇಕಾಯಿತು. ಅಷ್ಟು ಕೆಟ್ಟ ಅನುವಾದದ ಕೆಲಸ ನನ್ನ ಜನ್ಮದಲ್ಲಿ ಬಂದಿಲ್ಲ. ಅಮ್ಮ ಕೇಳಿಸಿಕೊಂಡು ಸೆರಗಿನಲ್ಲಿ ಕೈ ಒರೆಸಿದಳು, ಒಣಗಿದ್ದ ಕೈಯನ್ನೇ ಮತ್ತೆ ಮತ್ತೆ ಒರೆಸಿದಳು. "ನನ್ನ ಬಾಯಿಂದ ಆ ಮಗು ಬರೋದು ತಪ್ಪಿತಾ?" ಅಂದಳು. ಆಮೇಲೆ, "ಆಯ್ತು. ಇನ್ನು ಮೇಲೆ ಯಾರಿಗೂ ಏನೂ ಅನ್ನಲ್ಲ" ಅಂದಳು.

ಬೈಯಲಿಲ್ಲ. ನಾನು ತಲೆ ಬಗ್ಗಿಸಿ ಕಾಯುತ್ತಿದ್ದೆ, ಒಂದೇ ಒಂದು 'ಕತ್ತೆ' ಬೀಳಲಿ ಅಂತ. ಬರಲಿಲ್ಲ.

ಮಾರನೇ ಬೆಳಿಗ್ಗೆ ನನ್ನ ಕೋಣೆಯ ಬಾಗಿಲು ಮೆತ್ತಗೆ ಬಡಿದ ಸದ್ದು. "ಅನುವಾದಕರು ಎದ್ದಿದ್ದಾರಾ? ತಿಂಡಿ ಆಗಿದೆ, ದಯಮಾಡಿಸಬಹುದು."

ಅಮ್ಮ ನನಗೆ ಹೀಗೆ 'ಬಹುದು' ಹಚ್ಚಿ ಮಾತಾಡಿದ್ದು ಅದಕ್ಕೆ ಮೊದಲು ಒಂದೇ ಸಲ, ನಾನು ಹತ್ತನೇ ವಯಸ್ಸಿನಲ್ಲಿ ತಂಗಿಯನ್ನ ಜಾತ್ರೆಯಂಥ ಜನಜಂಗುಳಿಯಲ್ಲಿ ಬಿಟ್ಟು ಬಂದಿದ್ದಾಗ. ಅಮ್ಮನಿಗೆ ಸಿಟ್ಟು ಬಂದರೆ ಬೈಯುತ್ತಾಳೆ ಅಂತ ಹೊರಗಿನವರು ತಿಳಿದುಕೊಳ್ಳುತ್ತಾರೆ. ಅದು ತಪ್ಪು. ಬೈಯುತ್ತಿದ್ದಾಳೆ ಅಂದರೆ ಸಿಟ್ಟಿಲ್ಲ ಅಂತ ಅರ್ಥ. ನಿಜವಾದ ಸಿಟ್ಟು ಬಂದಾಗ ಅಮ್ಮ ಗೌರವ ಕೊಡುತ್ತಾಳೆ. ಆ ಗೌರವ ತಡೆದುಕೊಳ್ಳುವುದು ಮನುಷ್ಯರ ಕೈಲಿ ಆಗುವ ಕೆಲಸವಲ್ಲ.

ಮನೆ ಆಸ್ಪತ್ರೆಯ ಕಾಯುವ ಕೋಣೆಯ ಹಾಗಾಯಿತು. ತಟ್ಟೆಯಲ್ಲಿ ಬಿಟ್ಟರೂ ಅಮ್ಮ ಕೇಳುತ್ತಿರಲಿಲ್ಲ. "ಸಾಕಾ? ಸರಿ" ಅನ್ನುತ್ತಿದ್ದಳು. ತಂಗಿಯ ಗಂಡ ಬೇಕಂತಲೇ ಛತ್ರಿ ಬಿಟ್ಟು ನೆನೆದುಕೊಂಡು ಬಂದ. ಅಮ್ಮ ಟವೆಲ್ಲು ಕೊಟ್ಟು ಸುಮ್ಮನೆ ಒಳಗೆ ಹೋದಳು. ಬೆಕ್ಕಿಗೂ ಏನೂ ಅನ್ನಲಿಲ್ಲ. ಅವನು ಟವೆಲ್ಲು ಹಿಡಿದುಕೊಂಡು ಬೆಕ್ಕಿನ ಮುಖ ನೋಡುತ್ತಾ ಕೂತ.

ಮೂರನೇ ದಿನ ಎದುರುಮನೆಯ ನರ್ಸಮ್ಮ ಬಾಗಿಲು ಬಡಿದರು. ನಿವೃತ್ತರಾಗಿ ಎಂಟು ವರ್ಷವಾದರೂ ಥರ್ಮಾಮೀಟರ್ ಕೈಬಿಟ್ಟಿಲ್ಲ. "ಯಾರಿಗೆ ಹುಷಾರಿಲ್ಲ? ಮೂರು ದಿನದಿಂದ ನಿಮ್ಮ ಮನೇಲಿ ಸದ್ದೇ ಇಲ್ಲ. ಪೀಡೆ ಎಲ್ಲಿ?" ಅಂದರು ಊರಭಾಷೆಯಲ್ಲಿ.

ನರ್ಸಮ್ಮನಿಗೆ ಬರುವ ಕನ್ನಡ 'ಪೀಡೆ' ಅನ್ನುವ ಒಂದೇ ಪದ. ಅಮ್ಮ ಅವರನ್ನ ವರ್ಷಗಟ್ಟಲೆಯಿಂದ "ಬಂದ್ಯಾ ಪೀಡೆ, ಕೂತ್ಕೋ" ಅಂತಲೇ ಕರೆದು ಬಿಸಿಬಿಸಿ ಏನಾದರೂ ಕುಡಿಯಲು ಕೊಡುತ್ತಾ ಬಂದಿದ್ದಾಳೆ. ಅದರ ಅರ್ಥ 'ಗೆಳತಿ' ಇರಬೇಕು ಅಂತ ಅವರೇ ಊಹಿಸಿಕೊಂಡು, ಅಮ್ಮನನ್ನೂ ಹಾಗೇ ಕರೆಯುತ್ತಾರೆ. ಇಬ್ಬರು ಮುದುಕಿಯರೂ ಪರಸ್ಪರ ಪೀಡೆಗಳಾಗಿ ಸುಖವಾಗಿದ್ದರು. ನಾನು ಒಂದು ಸಲ ಅವರ ತಪ್ಪು ತಿದ್ದಲು ಹೋಗಿದ್ದೆ. "ನೀನು ಸುಮ್ನಿರಪ್ಪ, ನಿನಗೇನು ಗೊತ್ತು" ಅಂದಿದ್ದರು.

ನಾನು ಕೈಕಟ್ಟಿ ಕೂರುವವನಲ್ಲ. ಎರಡು ವಾರ ಕೂತು ಹದಿನಾಲ್ಕು ಪುಟದ ವಿವರಣೆ ಬರೆದುಕೊಂಡು ಇಲಾಖೆಗೆ ಹೋದೆ. 'ಕಾಲು ಮುರೀತೀನಿ ಎಂಬಲ್ಲಿ, ಹೊರಗೆ ಚಳಿಯಿದೆ, ಶಾಲು ಹೊದ್ದುಕೋ ಎಂದು ತಿಳಿಯತಕ್ಕದ್ದು. ಸಾಯಿ ಎಂಬಲ್ಲಿ, ಇನ್ನೂ ಸ್ವಲ್ಪ ಬಡಿಸಿಕೋ ಎಂದು ತಿಳಿಯತಕ್ಕದ್ದು.'

ಅಧಿಕಾರಿಣಿ ಓದುವ ಕನ್ನಡಕದಲ್ಲಿ ಓದಿದರು, ಅನುಮಾನದ ಕನ್ನಡಕದಲ್ಲಿ ನನ್ನನ್ನ ನೋಡಿದರು. "ಹೋದ ತಿಂಗಳು ಮೊಹರು ಒತ್ತಿ 'ಸಾಯಿ' ಅಂತ ಕೊಟ್ರಿ. ಈ ತಿಂಗಳು ಮೊಹರು ಒತ್ತಿ 'ಬಡಿಸಿಕೋ' ಅಂತ ಕೊಡ್ತಿದ್ದೀರಿ. ಇದರಲ್ಲಿ ನಿಮ್ಮ ಮೊಹರು ಯಾವಾಗ ಸುಳ್ಳು ಹೇಳಿದ್ದು?"

"ಎರಡೂ ನಿಜ ಮೇಡಂ."

"ಹಾಗಾದ್ರೆ ನಿಮ್ಮ ಲೈಸೆನ್ಸ್ ವಿಷಯ ಆಮೇಲೆ ನೋಡೋಣ" ಅಂತ ಹದಿನಾಲ್ಕು ಪುಟವನ್ನೂ ಪಕ್ಕಕ್ಕಿಟ್ಟರು. "ಕಾಗದ ಸಾಕು. ಬರೋ ಭಾನುವಾರ ಮಗುವನ್ನ ಒಂದು ಗಂಟೆ ಕರ್ಕೊಂಡು ಬರ್ತೀನಿ. ಕಣ್ಣಾರೆ ನೋಡ್ತೀನಿ. ಸರಿ ಕಾಣದಿದ್ರೆ ಫೈಲು ಮುಚ್ತೀನಿ. ಆ ಮಗುವನ್ನ ಕೇಳ್ಕೊಂಡು ಇನ್ನೊಂದು ಮನೆಯವರೂ ಬಂದಿದ್ದಾರೆ."

ಭಾನುವಾರ ನಾವೆಲ್ಲ ಇಸ್ತ್ರಿ ಮಾಡಿದ ಬಟ್ಟೆ ಹಾಕಿ, ಫೋಟೊ ತೆಗೆಸಿಕೊಳ್ಳುವವರ ಹಾಗೆ ಸಾಲಾಗಿ ಕೂತೆವು. ಹುಡುಗಿ ಬಂದಳು. ಮೂಗು ಸುರಿಯುತ್ತಿತ್ತು, ಒಂದು ಬೂಟಿನ ದಾರ ಬಿಚ್ಚಿತ್ತು. ತಂಗಿಯ ಬೆರಳನ್ನೊಮ್ಮೆ ನೋಡಿದಳು, ಆದರೆ ತಂಗಿ ಹೆದರಿ ಎರಡೂ ಕೈ ಮಡಿಲಲ್ಲಿ ಅದುಮಿಕೊಂಡಿದ್ದಳು. ಅಮ್ಮ ಎದ್ದು, ಕಲಿತಿಟ್ಟುಕೊಂಡಿದ್ದ ಊರಭಾಷೆಯಲ್ಲಿ, "ಸುಸ್ವಾಗತ. ದಯವಿಟ್ಟು ಕುಳಿತುಕೊಳ್ಳಿ" ಅಂದಳು. ನಾಲ್ಕು ವರ್ಷದ ಮಗುವಿಗೆ!

ಮಗು ಕುರ್ಚಿಯ ತುದಿಯಲ್ಲಿ ಕೂತಿತು. ಹಾಲು ಕೊಟ್ಟರೆ ಬೇಡ ಅಂದಿತು. ತಂಗಿಯ ಗಂಡ ಲಿಫ್ಟು ಹೇಗೆ ಮೇಲೆ ಹೋಗುತ್ತದೆ ಅಂತ ವಿವರಿಸಿದ. ನಾನು ಹವಾಮಾನದ ಬಗ್ಗೆ ಎರಡು ಮಾತಾಡಿದೆ. ಇಪ್ಪತ್ತು ನಿಮಿಷಕ್ಕೆ ಮಗು ಅಧಿಕಾರಿಣಿಯ ತೋಳು ಎಳೆದು, "ಯಾವಾಗ ಹೋಗೋದು?" ಅಂತ ಕೇಳಿತು. ಅಧಿಕಾರಿಣಿ ಫೈಲು ಬಿಚ್ಚಿ ಏನೋ ಬರೆದರು. ತಂಗಿ ಗೋಡೆ ಕಡೆ ಮುಖ ತಿರುಗಿಸಿದಳು.

ಎಲ್ಲರೂ ಆ ಪೆನ್ನನ್ನೇ ನೋಡುತ್ತಿದ್ದಾಗ ಮಗು ಇಳಿದು ಹೋದದ್ದು ಯಾರಿಗೂ ಕಾಣಲಿಲ್ಲ. ಕಪಾಟಿನ ಮೇಲೆ ನನ್ನ ಮೊಹರಿನ ಡಬ್ಬಿ ಇತ್ತು, ಹೊಳೆಯುವ ಹಿತ್ತಾಳೆಯದು. ಅದರ ಕೆಳಗೆ ಮೂರು ಕಾಲಿನ ಸ್ಟೂಲು. ಮಗು ಹತ್ತಿತು. ತುದಿಗಾಲಲ್ಲಿ ನಿಂತಿತು. ಸ್ಟೂಲು ವಾಲಿತು.

"ಅಯ್ಯಯ್ಯೋ ಹಾಳಾದೋಳೇ!"

ಅರವತ್ತೊಂಬತ್ತು ವರ್ಷದ ಅಮ್ಮ ಅಷ್ಟು ದೂರ ಹೇಗೆ ಹಾರಿದಳೋ ಗೊತ್ತಿಲ್ಲ. ಸ್ಟೂಲು ಬಿತ್ತು, ಡಬ್ಬಿ ಬಿತ್ತು, ಮಗು ಅಮ್ಮನ ಸೊಂಟದ ಮೇಲಿತ್ತು. ಆಮೇಲೆ ಮೂರು ವಾರದಿಂದ ಕಟ್ಟಿಟ್ಟಿದ್ದದ್ದೆಲ್ಲ ಒಂದೇ ಸಲ ಹೊರಗೆ ಬಂತು.

"ಬಿದ್ದು ಹಲ್ಲು ಉದುರಿಸ್ಕೊಳ್ತಿದ್ಯಲ್ಲೇ, ಮುಂಡೇದೇ! ನನ್ನ ಪ್ರಾಣ ತೆಗೆಯೋಕೇ ಹುಟ್ಟಿದ್ದೀಯಾ? ಎಲ್ಲಿ, ಮಂಡಿ ತೋರಿಸು! ಥೂ ಕೋತಿ, ಮೂಗು ನೋಡು ಮೂಗು! ಬಾ ಇಲ್ಲಿ, ಒರೆಸ್ತೀನಿ. ಈ ದಾರ ತುಳಿದು ಬೀಳ್ತೀಯಲ್ಲ, ಕತ್ತೆ! ಬೆಳಿಗ್ಗೆಯಿಂದ ಹೊಟ್ಟೆಗೆ ಏನು ಹಾಕಿದೀಯಾ? ಕುಡಿ, ಕುಡೀಲಿಲ್ಲ ಅಂದ್ರೆ ಕಾಲು ಮುರಿದು ಕೂರಿಸ್ತೀನಿ! ಇನ್ನೊಂದು ಸಲ ಹತ್ತು ನೋಡು, ಚರ್ಮ ಸುಲಿದುಬಿಡ್ತೀನಿ, ಕಳ್ಳಿ!"

ಒಂದು ಕೈ ಮೂಗು ಒರೆಸುತ್ತಿತ್ತು, ಮಂಡಿ ಸವರುತ್ತಿತ್ತು, ದಾರ ಬೂಟಿನೊಳಗೆ ತುರುಕುತ್ತಿತ್ತು. ಇನ್ನೊಂದು ಕೈ ಲೋಟ ಹಿಡಿದಿತ್ತು. ಬೈಗುಳದ ನಡುವೆ ಅಮ್ಮ ಉಸಿರೆಳೆದುಕೊಂಡಾಗೆಲ್ಲ ಮಗು ಒಂದೊಂದು ಗುಟುಕು ಕುಡಿಯುತ್ತಿತ್ತು. 'ಚರ್ಮ ಸುಲಿದುಬಿಡ್ತೀನಿ' ಅನ್ನುವ ಹೊತ್ತಿಗೆ ಲೋಟ ಖಾಲಿಯಾಗಿತ್ತು. ಮಗು ಅಮ್ಮನ ಹೆಗಲಿಗೆ ತಲೆ ಒರಗಿಸಿ, ಅವಳ ಕಿವಿಯ ಓಲೆಯನ್ನ ಹಿಡಿದು ತಿರುಗಿಸತೊಡಗಿತು.

ಆಗ ಅಮ್ಮನಿಗೆ ಎಚ್ಚರವಾಯಿತು. ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ, ಕೆಡಿಸಿದೆ" ಅಂದಳು. ಕಣ್ಣು ತುಂಬಿತು.

ಅಧಿಕಾರಿಣಿ ಪೆನ್ನು ಎತ್ತಿದರು. "ಅನುವಾದಕರೇ, ಏನಂದ್ರು ಇವರು?"

ಇಪ್ಪತ್ತೆರಡು ವರ್ಷದ ಅಭ್ಯಾಸ, ನಾಲಿಗೆ ತನ್ನಷ್ಟಕ್ಕೆ ಹೊರಟಿತು. "ಎಲೈ ನಾಶವಾದವಳೇ..." ಅಂತ ಶುರುಮಾಡಿದೆ. ತಂಗಿಯ ಗಂಡ ನನ್ನ ಕಾಲು ತುಳಿದ. ಲಿಫ್ಟಿನವನ ಬೂಟು, ಕಬ್ಬಿಣದ ಮೂತಿಯದು. ಎಲ್ಲಾ ಪದ ಗೊತ್ತಿತ್ತು, ಹೇಳಬೇಕಾದ ಒಂದೂ ಸಿಗುತ್ತಿರಲಿಲ್ಲ.

ಅಧಿಕಾರಿಣಿ ಕೈ ಎತ್ತಿ ನನ್ನನ್ನ ನಿಲ್ಲಿಸಿದರು. ಮಗುವಿನ ಹತ್ತಿರ ಹೋಗಿ ಬಗ್ಗಿದರು. "ಪುಟ್ಟಿ, ಅಜ್ಜಿ ನಿನಗೆ ಏನು ಹೇಳಿದ್ರು?"

ಮಗುವಿಗೆ ಕನ್ನಡ ಒಂದಕ್ಷರ ಬರುವುದಿಲ್ಲ. ಓಲೆ ತಿರುಗಿಸುತ್ತಲೇ ಹೇಳಿತು:

"ಬೀಳಬೇಡ ಅಂದ್ಲು. ಹಾಲು ಕುಡಿ ಅಂದ್ಲು." ಸ್ವಲ್ಪ ಯೋಚಿಸಿತು. "ಆಮೇಲೆ, ಎಲ್ಲಿಗೂ ಹೋಗಬೇಡ ಅಂದ್ಲು."

ನನ್ನ ಮೊಹರು ಕಪಾಟಿನ ಕೆಳಗೆ ಎಲ್ಲೋ ಉರುಳಿಹೋಗಿತ್ತು, ನಾನು ಅದನ್ನ ಹುಡುಕಲೂ ಇಲ್ಲ.

ಅಧಿಕಾರಿಣಿ ಎರಡೂ ಕನ್ನಡಕ ತೆಗೆದು ಒರೆಸಿದರು. ಮೊದಲು ಬರೆದಿದ್ದ ಸಾಲಿನ ಮೇಲೆ ಅಡ್ಡಗೆರೆ ಎಳೆದು, ಹೊಸದಾಗಿ ಏನೋ ಬರೆದು ಸಹಿ ಹಾಕಿದರು. "ಬುಧವಾರ ಇವಳ ಬ್ಯಾಗು ತಗೊಂಡು ಹೋಗೋಕೆ ಬನ್ನಿ" ಅಂತ ತಂಗಿಗೆ ಹೇಳಿದರು. ತಂಗಿ ಅಮ್ಮನನ್ನೂ ಮಗುವನ್ನೂ ಒಟ್ಟಿಗೆ ಅಪ್ಪಿಕೊಂಡು ಜೋರಾಗಿ ಅತ್ತಳು. ಎದುರುಮನೆಯ ಬಾಗಿಲು ತೆರೆದ ಸದ್ದಾಯಿತು. ನರ್ಸಮ್ಮ ಇಣುಕಿ, "ಹಾಂ, ಈಗ ಸರಿಹೋಯ್ತು. ಪೀಡೆ ಹುಷಾರಾದಳು" ಅಂತ ಥರ್ಮಾಮೀಟರ್ ಒಳಗಿಟ್ಟುಕೊಂಡು ಹೋದರು.

ಅಧಿಕಾರಿಣಿ ಬಾಗಿಲ ಹತ್ತಿರ ತಿರುಗಿ ನಿಂತರು. "ಒಂದು ಬಾಕಿ ಇದೆ. ಪತಿ ಬದುಕಿರುವ ಪ್ರಮಾಣಪತ್ರ. ಮನುಷ್ಯ ಎದುರಿಗೇ ಇದ್ದಾರೆ, ಗೊತ್ತು. ಆದರೆ ಫೈಲಿನಲ್ಲಿ ಸತ್ತಿದ್ದಾರೆ."

ತಂಗಿಯ ಗಂಡ ಪಾಪ, ಬದುಕಿರುವವನ ಹಾಗೆ ನಕ್ಕ. ಅಮ್ಮ ಮಗುವನ್ನ ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ನನ್ನ ಕಡೆ ತಿರುಗಿದಳು. ಮೂರು ವಾರದ ಮೇಲೆ ಮೊದಲ ಸಲ ಅವಳ ಕಣ್ಣು ನನ್ನ ಕಣ್ಣನ್ನ ನೋಡಿತು.

"ಇನ್ನೂ ಯಾಕೋ ನಿಂತಿದ್ದೀಯಾ ಗರುಡಗಂಬದ ಹಾಗೆ? ನೀನೇ ಸಾಯಿಸಿದ್ದು, ನೀನೇ ಹೋಗಿ ಬದುಕಿಸ್ಕೊಂಡು ಬಾ! ಬರ್ತಾ ಈ ಕೋತಿಗೆ ಒಂದು ಜೊತೆ ಗಟ್ಟಿ ಬೂಟು ತಾ. ಛತ್ರಿ ತಗೊಂಡು ಹೋಗೋ, ಮಂಕುದಿಣ್ಣೆ!"

ನಾನು ಛತ್ರಿ ಹುಡುಕಿದೆ. ಛತ್ರಿ ಕೈಯಲ್ಲೇ ಇತ್ತು. ಕಣ್ಣು ಮಂಜಾಗಿ ಮೆಟ್ಟಿಲು ಕಾಣಲಿಲ್ಲ, ಗೋಡೆ ಹಿಡಿದು ಇಳಿದೆ. ಅಧಿಕಾರಿಣಿ ಜೊತೆಯಲ್ಲೇ ಇಳಿಯುತ್ತಿದ್ದರು. ಎರಡನೇ ಮಹಡಿಯಲ್ಲಿ ನಿಂತು ಕೇಳಿದರು: "ಹೊರಡುವಾಗ ಕೊನೇಲಿ ನಿಮ್ಮನ್ನ ಏನೋ ಕರೆದ್ರಲ್ಲ, ಏನದು?"

"'ಮಗನೇ' ಅಂದ್ಲು ಮೇಡಂ" ಅಂದೆ. "ಬೇಕಾದ್ರೆ ಮೊಹರು ಒತ್ತಿ ಕೊಡ್ತೀನಿ."